ಸಹಾಯ ಬೇಕು: ಬೀಜದಲ್ಲಿ ನೋವಿಲ್ಲದ ಗಂಟು, ಮೈಸೂರಿನಲ್ಲಿ ಯಾರಿಗೆ ತೋರಿಸಲಿ?

ನಮಸ್ಕಾರ. ನನಗೆ 27 ವರ್ಷ, ಮಂಡ್ಯದವನು. ಕಳೆದ ಭಾನುವಾರ ಸ್ನಾನ ಮಾಡುವಾಗ ಬಲಗಡೆ ಬೀಜದಲ್ಲಿ ಕಡಲೆಕಾಳಿನಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. ಒತ್ತಿದರೂ ನೋವಿಲ್ಲ. ನೋವಿಲ್ಲ ಅಂತಲೇ ಮೂರು ದಿನ ಸುಮ್ನೆ ಇದ್ದೆ.

ಆಮೇಲೆ ನಮ್ಮ ಬೀದಿಯ ಡಾಕ್ಟರ್ ಹತ್ತಿರ ಹೋದೆ. ಅವರು ಕೋಣೆಯ ಲೈಟ್ ಆರಿಸಿ, ಚೀಲದ ಹಿಂದಿನಿಂದ ಟಾರ್ಚ್ ಹಿಡಿದರು. ನೀರು ತುಂಬಿದ ಹೈಡ್ರೋಸೀಲ್ ಆದರೆ ಬೆಳಕು ಕೆಂಪಗೆ ಹಾಯುತ್ತದಂತೆ. ನನ್ನ ಗಂಟಿನಲ್ಲಿ ಹಾಯಲಿಲ್ಲ. ಬೀಜದ ಹಿಂದೆ ಬೇರೆಯಾಗಿ ಸಿಗುವ ಮೆತ್ತನೆ ಗಂಟು ಹೆಚ್ಚಾಗಿ ನೀರುಗುಳ್ಳೆ. ನಿಂತಾಗ ಹುಳುಗಳ ಗೊಂಚಲಿನ ಹಾಗೆ ಸಿಕ್ಕಿ, ಮಲಗಿದಾಗ ಇಳಿದರೆ ಉಬ್ಬಿದ ರಕ್ತನಾಳ. ನನ್ನದು ಬೀಜಕ್ಕೇ ಅಂಟಿಕೊಂಡಿದೆ. ಅಂಥದ್ದನ್ನು ಕ್ಯಾನ್ಸರ್ ಅಲ್ಲ ಅಂತ ಖಚಿತವಾಗುವವರೆಗೂ ಬಿಡಬಾರದು ಎಂದರು. ಈ ಕ್ಯಾನ್ಸರ್ ವಯಸ್ಸಾದವರಿಗಿಂತ 15ರಿಂದ 40ರೊಳಗಿನವರಿಗೇ ಜಾಸ್ತಿಯಂತೆ. ಬೇಗ ಸಿಕ್ಕರೆ ಬಹುತೇಕ ಪೂರ್ತಿ ವಾಸಿಯಾಗುತ್ತದೆ ಅಂತಲೂ ಹೇಳಿದರು, ಆ ಮಾತನ್ನೇ ಹಿಡಿದುಕೊಂಡಿದ್ದೇನೆ.

ಒಂದೆರಡು ವಾರದೊಳಗೆ ಅಲ್ಟ್ರಾಸೌಂಡ್ ಮಾಡಿಸಿ, ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ರಕ್ತಪರೀಕ್ಷೆ ಜೊತೆ ಯೂರಾಲಜಿಸ್ಟ್ ನೋಡಲು ಬರೆದುಕೊಟ್ಟಿದ್ದಾರೆ. ಚೀಲಕ್ಕೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸಬೇಡ, ಕ್ಯಾನ್ಸರ್ ಆಗಿದ್ದರೆ ಹರಡಬಹುದು ಎಂದು ಎರಡು ಸಲ ಹೇಳಿದರು. ಇದ್ದಕ್ಕಿದ್ದಂತೆ ಜೋರು ನೋವು ಬಂದರೆ ಮಾತ್ರ ಕಾಯದೆ ಎಮರ್ಜೆನ್ಸಿಗೆ ಓಡಬೇಕು, ಬೀಜ ತಿರುಚಿಕೊಂಡಿರಬಹುದು.

ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಯೂರಾಲಜಿ ಒಪಿಡಿ ಯಾವ ದಿನ? ಸ್ಕ್ಯಾನ್ ಅದೇ ದಿನ ಆಗುತ್ತದಾ? ಇದೇ ಅನುಭವ ಆದವರು ದಯವಿಟ್ಟು ಮೆಸೇಜ್ ಮಾಡಿ. ಮನೆಯಲ್ಲಿ ಇನ್ನೂ ಅಮ್ಮನಿಗೆ ಹೇಳಿಲ್ಲ, ಅಣ್ಣನಿಗಷ್ಟೇ ಗೊತ್ತು.