ಪ್ರಶ್ನೋತ್ತರ: ವೈವಾಕ್ಸ್ ಮಲೇರಿಯಾ ಮತ್ತೆ ಬರುತ್ತದೆ, ಫ್ಯಾಲ್ಸಿಪಾರಂ ಯಾಕಿಲ್ಲ?

ಸಹನಾ: ಮೇಡಂ, ವೈವಾಕ್ಸ್ ರೋಗಿಗೆ ಮೂರು ದಿನ ಕ್ಲೋರೋಕ್ವಿನ್ ಕೊಟ್ಟರು. ಜ್ವರ ಬಿಟ್ಟಿತು, ರಕ್ತದ ಸ್ಮಿಯರ್ ನೆಗೆಟಿವ್. ಹತ್ತು ವಾರದ ಮೇಲೆ ಮತ್ತೆ ವೈವಾಕ್ಸ್. ಫ್ಯಾಲ್ಸಿಪಾರಂನಲ್ಲಿ ಹೀಗೆ ಯಾಕೆ ಆಗಲ್ಲ?

ಡಾ. ಶೈಲಜಾ: ಸೊಳ್ಳೆ ಬಿಟ್ಟ ಪರಾವಲಂಬಿಗಳು, ಅಂದರೆ ಸ್ಪೋರೋಜೊಯಿಟ್‌ಗಳು, ಎರಡರಲ್ಲೂ ಮೊದಲು ಹೋಗುವುದು ಲಿವರ್‌ಗೇ. ಫ್ಯಾಲ್ಸಿಪಾರಂನಲ್ಲಿ ಒಳಹೊಕ್ಕವು ಸುಮಾರು ಒಂದು ವಾರದಲ್ಲಿ ಬೆಳೆದು, ಒಡೆದು, ರಕ್ತಕ್ಕೆ ಇಳಿಯುತ್ತವೆ. ಅಲ್ಲಿಗೆ ಲಿವರ್ ಖಾಲಿ. ವೈವಾಕ್ಸ್‌ನಲ್ಲಿ ಕೆಲವು ಹಾಗೆ ಬೆಳೆಯುತ್ತವೆ, ಇನ್ನು ಕೆಲವು ಲಿವರ್ ಕಣದೊಳಗೆ ಒಂದೇ ನ್ಯೂಕ್ಲಿಯಸ್ ಇಟ್ಟುಕೊಂಡು ಪುಟ್ಟದಾಗಿ ಸುಮ್ನೆ ಕೂತುಬಿಡುತ್ತವೆ. ಅವೇ ಹಿಪ್ನೊಜೊಯಿಟ್. ಕ್ಲೋರೋಕ್ವಿನ್ ಕೊಲ್ಲುವುದು ಕೆಂಪು ರಕ್ತಕಣದಲ್ಲಿ ಹಿಮೋಗ್ಲೋಬಿನ್ ತಿನ್ನುವವರನ್ನು. ಇವು ಹಿಮೋಗ್ಲೋಬಿನ್ ಮುಟ್ಟುವುದೇ ಇಲ್ಲ, ಹಾಗಾಗಿ ಮಾತ್ರೆ ಪಕ್ಕದಲ್ಲೇ ಹಾದುಹೋದರೂ ಇವಕ್ಕೆ ಲೆಕ್ಕಕ್ಕಿಲ್ಲ. ಇವನ್ನು ಕೊಲ್ಲುವ ಪ್ರೈಮಾಕ್ವಿನ್ ಕೊಟ್ಟಿದ್ದರೇ? ಅದನ್ನು ಹೇಳಲೇ ಇಲ್ಲ.

ಸಹನಾ: ಇಲ್ಲ ಮೇಡಂ. ಕೆಂಪು ಕಣಗಳನ್ನು ಕಾಯುವ ಜಿ6ಪಿಡಿ ಕಿಣ್ವದ ವರದಿ ಬರಲಿ ಅಂತ ಕಾದರು, ರೋಗಿ ಮತ್ತೆ ಬರಲೇ ಇಲ್ಲ.

ಡಾ. ಶೈಲಜಾ: ಅಲ್ಲೇ ಕೈತಪ್ಪಿತು.

ಮಂಜುನಾಥ್: ಸಣ್ಣ ತಿದ್ದುಪಡಿ. ಲಿವರ್‌ನಿಂದ ರಕ್ತಕ್ಕೆ ಇಳಿದ ಮೆರೋಜೊಯಿಟ್‌ಗಳು ವಾಪಸ್ ಲಿವರ್‌ಗೆ ಹೋಗಿ ಅಡಗುತ್ತವೆ. ನಾವು ಓದಿದ್ದು ಹಾಗೆ.

ಡಾ. ಶೈಲಜಾ: ಹಳೇ ಪುಸ್ತಕ. ಮೆರೋಜೊಯಿಟ್ ಲಿವರ್ ಕಣಕ್ಕೆ ನುಗ್ಗಲಾರದು.

ಕಿರಣ್: ಮೇಡಂ, ನಾನು ಹೌಸ್ ಸರ್ಜನ್. ರಕ್ತ ಹಾಕಿಸಿಕೊಂಡವರಿಗೆ 12ನೇ ದಿನ ವೈವಾಕ್ಸ್ ಬಂತು, ಬೇರೆ ಕಡೆಯಿಂದ ತಗುಲುವ ಸಾಧ್ಯತೆ ಇರಲಿಲ್ಲ. ಕ್ಲೋರೋಕ್ವಿನ್ ಜೊತೆ 14 ದಿನ ಪ್ರೈಮಾಕ್ವಿನ್ ಬರೆದೆ. ಸೀನಿಯರ್ ಪ್ರೈಮಾಕ್ವಿನ್ ಹೊಡೆದುಹಾಕಿದರು. ಯಾಕೆ?

ಡಾ. ಶೈಲಜಾ: ಒಳ್ಳೇ ಪ್ರಶ್ನೆ ಬಂತು, ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮ ರೋಗಿಗೆ ಬಂದದ್ದು ದಾನಿಯ ರಕ್ತದೊಳಗಿನ ಪರಾವಲಂಬಿ. ಲಿವರ್ ಕಣಕ್ಕೆ ಹೋಗಬಲ್ಲದ್ದು ಸ್ಪೋರೋಜೊಯಿಟ್ ಒಂದೇ, ಅದು ಬರುವುದು ಸೊಳ್ಳೆಯ ಜೊಲ್ಲಿನಿಂದ. ರಕ್ತದ ಚೀಲದಲ್ಲಿ ಬಂದದ್ದು ರಕ್ತದಲ್ಲೇ ಸುತ್ತುತ್ತದೆ. ಹಿಪ್ನೊಜೊಯಿಟ್ ದಾನಿಯ ಲಿವರ್‌ನಲ್ಲಿ ಉಳಿದಿರಬಹುದು, ಚೀಲದಲ್ಲಿ ಬರುವುದಿಲ್ಲ. ಹಾಗಾದರೆ ರೋಗಿಯಲ್ಲಿ ಪ್ರೈಮಾಕ್ವಿನ್ ಯಾರನ್ನು ಕೊಲ್ಲಬೇಕು? ಅದರ ಮೇಲೆ, ಜಿ6ಪಿಡಿ ಕೊರತೆ ಇದ್ದರೆ ಆ ಮಾತ್ರೆಯೇ ಕೆಂಪು ಕಣಗಳನ್ನು ಒಡೆಯುತ್ತದೆ. ಮೂತ್ರ ಕಪ್ಪಾಗುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ. ಲಾಭವಿಲ್ಲದ ಕಡೆ ಆ ಅಪಾಯ ಯಾಕೆ? ಈ ರೋಗಿಗೆ ಮೂರು ವಾರ ಬಿಟ್ಟು ಮತ್ತೆ ಜ್ವರ ಬಂದರೆ ರಿಲ್ಯಾಪ್ಸ್, ಅಂದರೆ ಲಿವರ್‌ನಿಂದ ಮರಳಿತು, ಅನ್ನಬೇಡಿ. ರಕ್ತದಲ್ಲಿದ್ದವು ಪೂರ್ತಿ ಸತ್ತಿರಲಿಲ್ಲ ಅಂತ. ಮಾತ್ರೆ ವಾಂತಿಯಾಯಿತೇ, ಡೋಸ್ ಕಡಿಮೆಯಾಯಿತೇ, ಔಷಧಕ್ಕೆ ಬಗ್ಗುತ್ತಿಲ್ಲವೇ, ನೋಡಿ. ಫ್ಯಾಲ್ಸಿಪಾರಂ ಮರಳಿದರೂ ಕಥೆ ಇದೇ, ಅದನ್ನು ರಿಕ್ರುಡೆಸೆನ್ಸ್ ಅನ್ನುತ್ತೇವೆ.

ಮಂಜುನಾಥ್, ನಿಮ್ಮ ಮಾತಿಗೆ ಉತ್ತರವೂ ಇಲ್ಲೇ ಇದೆ. ಮೆರೋಜೊಯಿಟ್ ವಾಪಸ್ ಲಿವರ್‌ಗೆ ಹೋಗುವಂತಿದ್ದರೆ, ಇಂಥ ರೋಗಿಗೂ ತಿಂಗಳುಗಟ್ಟಲೆ ರಿಲ್ಯಾಪ್ಸ್ ಆಗಬೇಕಿತ್ತು. ಆಗುವುದಿಲ್ಲ.

ಮಂಜುನಾಥ್: ಸರಿ, ಆದರೆ ಹಿಪ್ನೊಜೊಯಿಟ್ ಕಣ್ಣಾರೆ ಕಂಡವರು ಯಾರು?

ಡಾ. ಶೈಲಜಾ: ಕ್ರೊಟೊಸ್ಕಿ ಮತ್ತು ಜೊತೆಗಾರರು, 1980ರ ಸುಮಾರಿಗೆ, ಮೊದಲು ಕೋತಿ ಮಲೇರಿಯಾದಲ್ಲಿ. ಲಿವರ್ ತುಂಡಿಗೆ ಹೊಳೆಯುವ ಆಂಟಿಬಾಡಿ ಹಾಕಿ ನೋಡಿದರು.

ರೇಖಾ: ಫ್ಯಾಲ್ಸಿಪಾರಂಗೂ ಒಂದು ಡೋಸ್ ಪ್ರೈಮಾಕ್ವಿನ್ ಕೊಡುತ್ತಾರಲ್ಲ, ಹಾಗಾದರೆ ಅದಕ್ಕೂ ಹಿಪ್ನೊಜೊಯಿಟ್ ಇದೆ ಅಲ್ವಾ?

ಡಾ. ಶೈಲಜಾ: ಇಲ್ಲ. ಆ ಒಂದು ಡೋಸ್ ರಕ್ತದಲ್ಲಿನ ಗ್ಯಾಮಿಟೊಸೈಟ್ ಎಂಬ ಹಂತವನ್ನು ಕೊಲ್ಲಲು, ಸೊಳ್ಳೆಗೆ ದಾಟದಿರಲಿ ಅಂತ.

ಗುರುರಾಜ್: ನನಗೆ ಫ್ಯಾಲ್ಸಿಪಾರಂ ಬಂದು ವಾಸಿಯಾಯಿತು. ಆರು ವಾರಕ್ಕೆ ವೈವಾಕ್ಸ್ ಬಂತು. ಒಂದು ಇನ್ನೊಂದಾಗಿ ಬದಲಾಗುತ್ತದೆ ಅಂತ ಯಾರೂ ಒಪ್ಪಲ್ಲ ಯಾಕೆ?

ಕಿರಣ್: ಬದಲಾಗಲ್ಲ ಸರ್. ಎರಡೂ ಇರುವ ಜಾಗಗಳಲ್ಲಿ ಇದು ಸಾಮಾನ್ಯ. ಹಿಪ್ನೊಜೊಯಿಟ್ ಮೊದಲೇ ಕೂತಿತ್ತು.

ಗುರುರಾಜ್: ನೀವಿನ್ನೂ ಹೌಸ್ ಸರ್ಜನ್, ಮೈ ಸುಟ್ಟದ್ದು ನನ್ನದು.

ಡಾ. ಶೈಲಜಾ: ಕಿರಣ್ ಹೇಳಿದ್ದು ಸರಿ. ಜ್ವರವೇ ಅದನ್ನು ಎಬ್ಬಿಸಿತು ಅನ್ನುವ ಊಹೆ ಇದೆ, ಸಾಬೀತಾಗಿಲ್ಲ. ಕೆಲವು ತಳಿ ಮೂರೇ ವಾರಕ್ಕೆ ಏಳುತ್ತವೆ, ಕೆಲವು ಎಂಟು-ಒಂಬತ್ತು ತಿಂಗಳು ಮಲಗುತ್ತವೆ. ಎಬ್ಬಿಸುವುದು ಏನು ಅಂತ ಕೇಳಿದರೆ ಖಚಿತ ಉತ್ತರವಿಲ್ಲ.

ಸುಮಾ: ಫಾರ್ವರ್ಡ್: ಏಳು ದಿನ ಎಲೆ ರಸ ಕುಡಿದರೆ ಲಿವರ್‌ನ ಕೀಟಾಣು ಬೇರುಸಮೇತ ಮಾಯ!

ಡಾ. ಶೈಲಜಾ: ಅಳಿಸಿ. ಲಿವರ್‌ನಲ್ಲಿ ಎಷ್ಟು ಉಳಿದಿವೆ ಅಂತ ತೋರಿಸುವ ರಕ್ತಪರೀಕ್ಷೆಯೇ ಇಲ್ಲ, ಮಾಯವಾದದ್ದು ನೋಡಿದವರು ಯಾರು? ಇದನ್ನು ನಂಬಿ ಮಾತ್ರೆ ಅರ್ಧಕ್ಕೆ ಬಿಟ್ಟವರು ನನ್ನ ಹತ್ತಿರ ಎರಡನೇ ಸಲ ಬರುತ್ತಾರೆ.

ಸುಮಾ: ಒಳ್ಳೇದಕ್ಕೆ ಹಾಕಿದ್ದು, ಇಷ್ಟು ಸಿಟ್ಟು ಯಾಕೆ?

ಅಭಿ: ಹಾಗಾದರೆ ಸಹನಾ ಅವರ ರೋಗಿಗೆ ಹೊಸ ಸೊಳ್ಳೆ ಕಚ್ಚಿರಲಿಲ್ಲ ಅಂತ ಹೇಗೆ ಗೊತ್ತು?

ಡಾ. ಶೈಲಜಾ: ಗೊತ್ತಿಲ್ಲ. ಮಲೇರಿಯಾ ಇರುವ ಜಾಗದಲ್ಲೇ ಇದ್ದರೆ ಎರಡೂ ಸಾಧ್ಯ. ಜೀನ್ ಹೋಲಿಸಿದರೂ ತೀರ್ಮಾನವಾಗದು, ಯಾಕೆಂದರೆ ಹಳೇ ಕಡಿತದ ಬೇರೆಯದೇ ಹಿಪ್ನೊಜೊಯಿಟ್ ಎದ್ದಿರಬಹುದು. ಏನೇ ಆಗಲಿ, ಈ ಸಲ ಜಿ6ಪಿಡಿ ನೋಡಿ ಪ್ರೈಮಾಕ್ವಿನ್ ಪೂರ್ತಿ ಕೊಡಲಿ.

ರೇಖಾ: ಮೇಡಂ, ಫ್ಯಾಲ್ಸಿಪಾರಂನಲ್ಲಿ ಹಿಪ್ನೊಜೊಯಿಟ್ ಎಷ್ಟು ದಿನ ಇರುತ್ತದೆ?

ಡಾ. ಶೈಲಜಾ: ಮೇಲೆ ಓದಿ.

ಅಭಿ: ಓವಾಲೆ ಅನ್ನುವ ಇನ್ನೊಂದು ಮಲೇರಿಯಾ ಬಗ್ಗೆಯೂ ಹೇಳಿ ಮೇಡಂ?