ಎರಡು ನಿಮಿಷದ ಥ್ಯಾಂಕ್ಸು

ವಿಜ್ಞಾನಿ ಗೆಳತಿಗೆ ಪ್ರಶಸ್ತಿ ಬಂದಿದೆ. ವೇದಿಕೆಯಲ್ಲಿ ಮಾತಾಡೋಕೆ ಎರಡೇ ನಿಮಿಷ. ಅವಳು ಬರೆದು ತಂದ ಭಾಷಣ ಮಾತ್ರ ನಾಲ್ಕು ಹಾಳೆ.

“ಇದೇನಮ್ಮಾ, ಮತದಾರರ ಪಟ್ಟಿನಾ?” ಎಂದರು ಮೇಷ್ಟ್ರು.

“ತಂಡದವರ ಹೆಸರು, ಮೇಷ್ಟ್ರೇ. ಒಬ್ಬರನ್ನ ಬಿಟ್ರೂ ನಾಳೆ ಲ್ಯಾಬಲ್ಲಿ ಮುಖ ತೋರಿಸೋ ಹಾಗಿಲ್ಲ.”

“ಹಿಗ್ಸ್ ಕಣದವರು ನಿನ್ನ ಹಾಗೆ ಹೊರಟಿದ್ದರೆ? 2015ರಲ್ಲಿ ಅದರ ದ್ರವ್ಯರಾಶಿ ಬಗ್ಗೆ ಬಂದ ಪ್ರಬಂಧಕ್ಕೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಬರೀ ಹೆಸರು, ಸಂಸ್ಥೆ. ಹೆಸರಿಗೊಂದು ಸೆಕೆಂಡ್ ಅಂದ್ರೂ 86 ನಿಮಿಷ! ಚಪ್ಪಾಳೆ ತಟ್ಟೋಕೆ ಯಾರನ್ನಾದ್ರೂ ಎಬ್ಬಿಸಬೇಕಾಗುತ್ತೆ.”

“ಹಾಗಾದ್ರೆ ಮುಖ್ಯವಾದ ನಾಲ್ಕು ಜನರ ಹೆಸರು ಹೇಳಿಬಿಡ್ತೀನಿ.”

“ಅದು ಇನ್ನೂ ಅಪಾಯ ಕಣೇ,” ಎಂದೆ ನಾನು. “ಐದನೆಯವರಿಗೆ ನೀವು ಮುಖ್ಯ ಅಲ್ಲ ಅಂತ ಮೈಕಲ್ಲಿ ಸಾರಿದ ಹಾಗೆ.”

“ಸುಮ್ನೆ ‘ನನ್ನ ತಂಡಕ್ಕೆ ಧನ್ಯವಾದ’ ಅಂದ್ರೆ?”

“ಕಬಡ್ಡಿ ತಂಡಕ್ಕೂ ಅದೇ ಮಾತು ನಡೆಯುತ್ತೆ,” ಎಂದರು ಮೇಷ್ಟ್ರು. “2017ರಲ್ಲಿ ಗುರುತ್ವ ಅಲೆಗಳಿಗೆ ನೊಬೆಲ್ ಬಂತಲ್ಲ, ಅದನ್ನ ಪಡೆದ ಮೂವರಲ್ಲೊಬ್ಬರಾದ ರೈನರ್ ವೈಸ್ ಏನಂದರು? ಇದು ಸುಮಾರು ಸಾವಿರ ಜನರ ಕೆಲಸಕ್ಕೆ ಸಿಕ್ಕ ಮನ್ನಣೆ ಅಂದರು. ಭೌತಶಾಸ್ತ್ರದ ನೊಬೆಲ್ ಮೂವರಿಗಿಂತ ಜಾಸ್ತಿ ಜನಕ್ಕೆ ಕೊಡಲ್ಲ. ಉಳಿದವರು ಎಷ್ಟು ಅಂತ ಅವರೇ ಹೇಳಿದರು. ಹೆಸರು ಬೇಡ. ಯಾರು ಏನು ಮಾಡಿದರು ಅಂತ ಹೇಳು. ಮಾಡಿದವರಿಗೆ ಅದು ತಾನೇ ಅಂತ ಗೊತ್ತಾದರೆ ಸಾಕು.”

ಹಾಳೆ ತಿರುಗಿಸಿ ಹಿಂದೆ ಬರೆದಳು. ಎರಡು ಸಲ ಹೊಡೆದು ಹಾಕಿದಳು. ‘ನಾನು ಇದಕ್ಕೆ ಅರ್ಹಳಲ್ಲ’ ಅನ್ನೋ ಸಾಲನ್ನ ನಾನೇ ತೆಗೆಸಿದೆ. ಆರಿಸಿದವರಿಗೆ ಬುದ್ಧಿ ಇಲ್ಲ ಅಂದ ಹಾಗಾಗುತ್ತೆ, ಅಲ್ವಾ? ಕೊನೆಗೆ ಓದಿದಳು:

“ಈ ಗೌರವಕ್ಕೆ ತುಂಬಾ ಧನ್ಯವಾದ. ಮೊದಲ ಸಲ ಸಿಗ್ನಲ್ ಕಂಡಾಗ ನಾವೆಲ್ಲ ಕುಣಿದೆವು. ಕೇಬಲ್ ಸಡಿಲ ಇದೆ ಅಂತ ಹೇಳಿದ್ದು ನಮ್ಮಲ್ಲೇ ಕಿರಿಯ ವಿದ್ಯಾರ್ಥಿನಿ. ಅವತ್ತು ಅವಳು ಸುಮ್ಮನಿದ್ದರೆ ನಾವು ತಪ್ಪನ್ನೇ ಪ್ರಕಟಿಸುತ್ತಿದ್ದೆವು. ರಾತ್ರಿಯೆಲ್ಲ ಉಪಕರಣ ಕಾದವರು, ಬಿಡಿಭಾಗ ಸಿಗದಾಗ ಕೈಯಾರೆ ಮಾಡಿಕೊಟ್ಟವರು, ನನ್ನ ಲೆಕ್ಕ ನಂಬದೆ ಮತ್ತೆ ಹಾಕಿದವರು ಇಲ್ಲೇ ಕೂತಿದ್ದಾರೆ. ಅವರ ಪರವಾಗಿ ಇದನ್ನು ತಗೊಳ್ತಿದ್ದೀನಿ.”

ಮೇಷ್ಟ್ರು ಗಡಿಯಾರ ನೋಡಿದರು. ಒಂದು ನಿಮಿಷವೂ ಆಗಿರಲಿಲ್ಲ.

“ಉಳಿದ ಸಮಯದಲ್ಲಿ ಏನು ಮಾಡ್ಲಿ?”

“ಇಳಿದು ಬಾ.”

“ಈ ನಾಲ್ಕು ಹಾಳೆ?”

“ಹಿಂದಿನ ಪರದೆ ಮೇಲೆ ಹಾಕಿಸು. ಅಕ್ಷರಕ್ರಮದಲ್ಲಿ ಹಾಕಿದರೆ ಯಾರೂ ಹಿಂದೆಮುಂದೆ ಅನ್ನಲ್ಲ.”

ಅವಳ ಮುಖ ಸಣ್ಣದಾಯಿತು. “ನಮ್ಮ ನಿರ್ದೇಶಕರ ಹೆಸರು ‘ಹ’ದಿಂದ ಶುರುವಾಗುತ್ತೆ, ಮೇಷ್ಟ್ರೇ!”