ಸಹಾಯ ಬೇಕು: ಉಪ್ಪುನೀರಿನ ವಿದ್ಯುದ್ವಿಭಜನೆಯಲ್ಲಿ ಕ್ಲೋರಿನ್ ಅಳತೆ ಸಿಗುತ್ತಿಲ್ಲ

ನಮಸ್ಕಾರ. ಹತ್ತನೇ ತರಗತಿಗೆ ತೋರಿಸಲು 9 ವೋಲ್ಟ್ ಬ್ಯಾಟರಿ, ಎರಡು ಗ್ರಾಫೈಟ್ ಕಡ್ಡಿ ಬಳಸುತ್ತಿದ್ದೇನೆ. ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಕ್ಯಾಥೋಡಿನಲ್ಲಿ ಹೈಡ್ರೋಜನ್, ಆನೋಡಿನಲ್ಲಿ ಅದರ ಸುಮಾರು ಅರ್ಧದಷ್ಟು ಆಕ್ಸಿಜನ್ ಚೆನ್ನಾಗಿ ಬರುತ್ತದೆ.

ತೊಡಕು ಸಾಂದ್ರ ಉಪ್ಪಿನ ದ್ರಾವಣದಲ್ಲಿ. ಕ್ಯಾಥೋಡಿನಲ್ಲಿ ಹೈಡ್ರೋಜನ್ ಏಳುತ್ತದೆ, ಸುತ್ತ ಫಿನಾಲ್ಫ್ಥಲೀನ್ ಗುಲಾಬಿಯಾಗುತ್ತದೆ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಆಗುತ್ತಿದೆ. ಆನೋಡಿನಲ್ಲಿ ಅಷ್ಟೇ ಗಾತ್ರದ ಕ್ಲೋರಿನ್ ಬರಬೇಕು. ಒದ್ದೆ ನೀಲಿ ಲಿಟ್ಮಸ್ ಕೆಂಪಾಗಿ ಬಣ್ಣ ಕಳೆದುಕೊಳ್ಳುತ್ತದೆ, ಆದರೆ ನಳಿಕೆಯಲ್ಲಿ ಅನಿಲ ತೀರಾ ಕಡಿಮೆ. ಅದು ನೀರಿನಲ್ಲಿ ಕರಗುವುದಲ್ಲದೆ, ಕ್ಷಾರದೊಂದಿಗೆ ಸೇರಿ ಹೈಪೋಕ್ಲೋರೈಟ್ ಆಗುತ್ತಿರಬೇಕು.

ಎರಡು ಬದಿಯ ದ್ರಾವಣ ಬೆರೆಯದಂತೆ ಮಾಡಲು ಹೊಳಪು ಹಚ್ಚದ ಮಣ್ಣಿನ ಕುಡಿಕೆ ಸಾಕೇ? ಅಳೆಯುವ ಮುನ್ನ ಆನೋಡಿನ ಬದಿಯ ದ್ರಾವಣದಲ್ಲಿ ಕ್ಲೋರಿನ್ ತುಂಬಿಕೊಳ್ಳುವವರೆಗೆ ಕಾದರೆ 1:1 ಸಿಗುತ್ತದೆಯೇ? ವಿಷಾನಿಲವಾದ್ದರಿಂದ ಕಿಟಕಿ ತೆರೆದು ಸ್ವಲ್ಪ ಹೊತ್ತಷ್ಟೇ ನಡೆಸುತ್ತೇನೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.